ಅಧ್ಯಯನದ ಮಿತಿಗಳು: ಒಂದು ಪ್ಯಾರಾ ಬರೆಯುವ ಬಗೆ

ಸಂಶೋಧನಾ ಪ್ರಬಂಧದಲ್ಲಿ ಫಲಿತಾಂಶಗಳ ಚರ್ಚೆ ಮುಗಿಯುವ ಹೊತ್ತಿಗೆ 'ಅಧ್ಯಯನದ ಮಿತಿಗಳು' ಎಂಬ ಪ್ಯಾರಾ ಬರುತ್ತದೆ. ಎಂ.ಎಡ್., ಎಂ.ಎಸ್.ಡಬ್ಲ್ಯು., ನರ್ಸಿಂಗ್ ಪ್ರಬಂಧಗಳಲ್ಲಿ ಅದರ ಒಕ್ಕಣೆ ಹೆಚ್ಚುಕಡಿಮೆ ಒಂದೇ: "ಮಾದರಿಯ ಗಾತ್ರ ಚಿಕ್ಕದು. ಮಾಹಿತಿಯು ಉತ್ತರದಾತರ ಹೇಳಿಕೆಯನ್ನು ಆಧರಿಸಿದೆ. ಫಲಿತಾಂಶಗಳನ್ನು ಸಾಮಾನ್ಯೀಕರಿಸಲು ಬರುವುದಿಲ್ಲ." ಮೂರೂ ಮಾತು ನಿಜವೇ. ಆದರೆ ಇವನ್ನು ಯಾವ ಪ್ರಬಂಧದಿಂದ ಕಿತ್ತು ಯಾವ ಪ್ರಬಂಧಕ್ಕೆ ಅಂಟಿಸಿದರೂ ಹೊಂದಿಕೊಳ್ಳುತ್ತವೆ. ಹಿಂದಿನ ವರ್ಷದ ಪ್ರತಿಯಿಂದ ಇವು ಹಾಗೇ ಇಳಿದು ಬರುವುದೂ ಅದಕ್ಕೇ. ಮಿತಿಯ ಹೆಸರು ಹೇಳಿದ ಮಾತ್ರಕ್ಕೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅದರಿಂದ ಪ್ರಬಂಧದ ಅಂಕಿ ಯಾವ ಕಡೆಗೆ, ಎಷ್ಟು ಜರುಗಿರಬಹುದು ಎಂಬುದು ಅವರಿಗೆ ಬೇಕು.

ಈ ಬೇಡಿಕೆ ಹೊಸದಲ್ಲ. ಜನರ ಆರೋಗ್ಯವನ್ನು ಗಮನಿಸಿ ದಾಖಲಿಸುವ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂದು ತಿಳಿಸುವ 'ಸ್ಟ್ರೋಬ್' ಎಂಬ ಮಾರ್ಗಸೂಚಿ 2007ರಲ್ಲಿ ಪ್ರಕಟವಾಯಿತು. ಅದರಲ್ಲಿರುವ 22 ಅಂಶಗಳ ಪೈಕಿ 19ನೆಯದು ಮಿತಿಗಳ ಕುರಿತದ್ದು. ದೋಷ ಎಲ್ಲಿಂದ ಬಂದಿರಬಹುದು ಎಂಬುದರ ಜೊತೆಗೆ ಅದರ ದಿಕ್ಕನ್ನೂ ಪ್ರಮಾಣವನ್ನೂ ಚರ್ಚಿಸಬೇಕು ಎಂದು ಅದು ಕೇಳುತ್ತದೆ. ಪ್ಯಾರಾ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಈ ಎರಡನ್ನೇ.

ಒಂದು ಕಲ್ಪಿತ ಅಧ್ಯಯನವನ್ನು ಹಿಡಿದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಜಿಲ್ಲಾ ಕೇಂದ್ರವೊಂದರ ಮಹಿಳಾ ಪದವಿ ಕಾಲೇಜಿನ ಹಾಸ್ಟೆಲಿನಲ್ಲಿ 120 ವಿದ್ಯಾರ್ಥಿನಿಯರಿದ್ದಾರೆ. ಮಲಗಿದ ಮೇಲೆ ಮೊಬೈಲ್ ನೋಡುವುದಕ್ಕೂ ನಿದ್ರೆಗೂ ಇರುವ ನಂಟನ್ನು ತಿಳಿಯಲು ಸಂಶೋಧಕಿಯೊಬ್ಬರು ಹಾಸ್ಟೆಲಿನ ವಾಟ್ಸ್‌ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್ ಕಳಿಸುತ್ತಾರೆ. 42 ಮಂದಿ ಉತ್ತರಿಸುತ್ತಾರೆ. ಅವರಲ್ಲಿ 25 ಮಂದಿ, ಅಂದರೆ ಶೇ. 60ರಷ್ಟು, ರಾತ್ರಿ ಏಳು ಗಂಟೆಗಿಂತ ಕಡಿಮೆ ನಿದ್ರಿಸುವುದಾಗಿ ಹೇಳುತ್ತಾರೆ. ಮಲಗಿದ ಮೇಲೆ ಒಂದು ಗಂಟೆಗಿಂತ ಹೆಚ್ಚು ಮೊಬೈಲ್ ನೋಡುವ 24 ಮಂದಿಯಲ್ಲಿ ಹೀಗೆ ನಿದ್ರೆ ಕಡಿಮೆ ಇರುವವರು 18, ಉಳಿದ 18 ಮಂದಿಯಲ್ಲಿ 7. ಶೇಕಡಾವಾರು ಲೆಕ್ಕದಲ್ಲಿ ಒಂದು ಕಡೆ 75, ಇನ್ನೊಂದು ಕಡೆ 39. ಅಂತರ 36 ಅಂಶ.

ಮೊದಲನೆಯದು ಚಿಕ್ಕ ಮಾದರಿಯ ಪ್ರಶ್ನೆ. ಮಾದರಿ ಚಿಕ್ಕದಾದರೆ ಫಲಿತಾಂಶ ತಪ್ಪಾಗಿಯೇ ಇರುತ್ತದೆ ಎಂದೇನಿಲ್ಲ, ಅದು ಮಸುಕಾಗಿರುತ್ತದೆ. ಆ ಮಸುಕನ್ನು ಅಳೆಯಲು ಪದವಿ ತರಗತಿಯ ಸಂಖ್ಯಾಶಾಸ್ತ್ರವೇ ಸಾಕು. 42 ಜನರಲ್ಲಿ ಶೇ. 60 ಎಂಬ ಅಂಕಿಗೆ 95 ಶೇಕಡಾ ವಿಶ್ವಾಸದ ವ್ಯಾಪ್ತಿ ಹಾಕಿದರೆ ಅದು ಸುಮಾರು 45ರಿಂದ 74ರವರೆಗೆ ಹರಡುತ್ತದೆ. ಎರಡು ಗುಂಪುಗಳ ನಡುವಿನ 36 ಅಂಶಗಳ ಅಂತರಕ್ಕೆ ಹಾಕಿದರೆ ಸುಮಾರು 8ರಿಂದ 65. ಅಂತರ ಇದೆ ಎನ್ನಲು ಆಧಾರ ಸಿಕ್ಕಿತು, ಆದರೆ ಅದು ಅಲ್ಪವೋ ಅಗಾಧವೋ ಹೇಳಲು ಬರುವುದಿಲ್ಲ. ಪ್ಯಾರಾದಲ್ಲಿ ಬರಬೇಕಾದ ಮಾತು ಇದು. "ಮಾದರಿ ಚಿಕ್ಕದು" ಎಂಬ ಎರಡು ಪದಗಳಿಂದ ಇದು ಹೊರಡುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಿಕ್ಕ ಮಾದರಿಯಲ್ಲಿ ದೊಡ್ಡ ಅಂತರ ಬಂದರೆ ಮಾತ್ರ ಅದು 'ಸಂಖ್ಯಾಶಾಸ್ತ್ರದ ಪ್ರಕಾರ ಗಮನಾರ್ಹ' ಎನಿಸಿಕೊಳ್ಳುತ್ತದೆ. ಹಾಗಾಗಿ ಗಮನಾರ್ಹವೆಂದು ಪ್ರಕಟವಾಗುವ ಚಿಕ್ಕ ಅಧ್ಯಯನಗಳ ಅಂಕಿಗಳು ನಿಜಕ್ಕಿಂತ ಉಬ್ಬಿರುವ ಸಂಭವ ಹೆಚ್ಚು. ಮಾದರಿ ದೊಡ್ಡದಾಗಿದ್ದರೆ ಫಲಿತಾಂಶ ಇನ್ನಷ್ಟು ಬಲವಾಗಿ ಬರುತ್ತಿತ್ತು ಎಂದು ಕೆಲವು ಪ್ರಬಂಧಗಳು ಬರೆದುಕೊಳ್ಳುವುದುಂಟು. ಅದು ತಲೆಕೆಳಗಾದ ಊಹೆ. ದೊಡ್ಡ ಮಾದರಿಯಲ್ಲಿ ವ್ಯಾಪ್ತಿ ಕಿರಿದಾಗುತ್ತದೆ, ಅಂತರವೂ 36ಕ್ಕಿಂತ ಇಳಿಯುವ ಸಾಧ್ಯತೆಯೇ ಹೆಚ್ಚು. ವ್ಯಾಪ್ತಿಯನ್ನು ಅರ್ಧಕ್ಕೆ ಇಳಿಸಲು ಎರಡು ಪಟ್ಟು ಜನ ಸಾಲದು, ನಾಲ್ಕು ಪಟ್ಟು ಬೇಕು. ಮುಂದಿನವರು ಎಷ್ಟು ಜನರನ್ನು ಕೇಳಬೇಕೆಂಬ ಸಲಹೆಯನ್ನೂ ಈ ಲೆಕ್ಕದಿಂದಲೇ ಕೊಡಬಹುದು.

ಎರಡನೆಯದು, ತಮ್ಮ ಬಗ್ಗೆ ತಾವೇ ಹೇಳಿದ ಉತ್ತರದ ಓರೆ. ಮೂರು ಮಿತಿಗಳಲ್ಲಿ ಹೆಚ್ಚು ಯೋಚನೆ ಬೇಡುವುದು ಇದೇ, ಏಕೆಂದರೆ ಇದು ಒಂದೇ ದೋಷವಲ್ಲ. ಎಷ್ಟು ಗಂಟೆ ಮಲಗಿದೆ ಎಂಬುದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಇದು ನೆನಪಿನ ದೋಷ. ವಾರ್ಡನ್ ಕೂಡ ಇರುವ ಗುಂಪಿಗೆ ಬಂದ ಫಾರ್ಮಿನಲ್ಲಿ ರಾತ್ರಿ ಒಂದರವರೆಗೆ ರೀಲ್ಸ್ ನೋಡುತ್ತೇನೆಂದು ಬರೆಯಲು ಮನಸ್ಸು ಬರುವುದಿಲ್ಲ. ಇದು ಒಳ್ಳೆಯವರಾಗಿ ಕಾಣಿಸಿಕೊಳ್ಳುವ ಒಲವು. ಮೊಬೈಲಿನಿಂದ ನಿದ್ರೆ ಕೆಡುತ್ತದೆ ಎಂದು ದಿನವೂ ಕೇಳಿಸಿಕೊಂಡವಳು ಎರಡೂ ಪ್ರಶ್ನೆಗಳಿಗೆ ಆ ನಂಬಿಕೆಗೆ ಹೊಂದುವ ಉತ್ತರವನ್ನೇ ಕೊಟ್ಟಿರಬಹುದು. ಇದು ಇನ್ನೊಂದು ಬಗೆ.

ಇವುಗಳ ದಿಕ್ಕು ಬೇರೆ ಬೇರೆ. ನಿದ್ರೆಯ ವಿಷಯದಲ್ಲಿ ದಿಕ್ಕನ್ನು ಊಹಿಸಲು ಒಂದು ಆಧಾರವಿದೆ. ಅಮೆರಿಕದ ಶಿಕಾಗೊದಲ್ಲಿ ಮಧ್ಯವಯಸ್ಕರ ಕೈಗೆ ಚಲನೆ ಅಳೆಯುವ ಸಾಧನ ಕಟ್ಟಿ ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜನ ನಿಜಕ್ಕಿಂತ ಹೆಚ್ಚು ನಿದ್ರೆಯನ್ನೇ ಹೇಳಿಕೊಂಡರು. ಅದರ ಅಂದಾಜಿನಂತೆ ಐದು ಗಂಟೆ ಮಲಗುವವರು ಸರಾಸರಿ 1.2 ಗಂಟೆ, ಏಳು ಗಂಟೆ ಮಲಗುವವರು 0.4 ಗಂಟೆ ಹೆಚ್ಚಿಸಿ ಹೇಳಿದ್ದರು. ಹಾಸ್ಟೆಲಿನಲ್ಲೂ ಇದೇ ನಡೆದಿದ್ದರೆ ಶೇ. 60 ಎಂಬುದು ನಿಜಕ್ಕಿಂತ ಕಡಿಮೆಯ ಅಂಕಿ. ಅಷ್ಟೇ ಅಲ್ಲ, ಕಡಿಮೆ ಮಲಗುವವರು ಹೆಚ್ಚು ಉಬ್ಬಿಸಿ ಹೇಳುವುದರಿಂದ ಎರಡು ಗುಂಪುಗಳ ಅಂತರವೂ ಇದ್ದದ್ದಕ್ಕಿಂತ ಕಿರಿದಾಗಿ ಕಂಡಿರಬಹುದು. ಇನ್ನೊಂದು ಕಡೆ, ನಂಬಿಕೆಗೆ ತಕ್ಕಂತೆ ಕೊಟ್ಟ ಉತ್ತರ ಅದೇ ಅಂತರವನ್ನು ಹಿಗ್ಗಿಸುತ್ತದೆ. ಶೇಕಡಾವಾರು ಅಂಕಿಯ ದಿಕ್ಕು ಹೇಳಬಹುದು, ಅಂತರದ ದಿಕ್ಕು ಹೇಳಲಾಗುವುದಿಲ್ಲ. ಪ್ರಾಮಾಣಿಕ ಪ್ಯಾರಾ ಈ ಎರಡನ್ನೂ ಬೇರೆಬೇರೆಯಾಗಿಯೇ ಬರೆಯುತ್ತದೆ. ಜೊತೆಗೆ, ಶಿಕಾಗೊದ ಮಧ್ಯವಯಸ್ಕರ ಗಂಟೆಗಳ ಲೆಕ್ಕವನ್ನು ಹಾಸ್ಟೆಲಿನ ಇಪ್ಪತ್ತರ ಹುಡುಗಿಯರಿಗೆ ಹಾಗೇ ಅನ್ವಯಿಸುವುದಿಲ್ಲ. ದಿಕ್ಕಿನ ಸೂಚನೆಯಾಗಿ ಮಾತ್ರ ಬಳಸುತ್ತದೆ.

ಮೊಬೈಲ್ ಬಳಕೆಯ ಹೇಳಿಕೆಗಳೂ ಇಷ್ಟೇ ಸಡಿಲ. ಫೋನಿನಲ್ಲೇ ದಾಖಲಾದ ಬಳಕೆಯೊಂದಿಗೆ ಜನರ ಅಂದಾಜನ್ನು ಹೋಲಿಸಿದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಎರಡರ ನಡುವೆ ಮಧ್ಯಮ ಮಟ್ಟದ ಸಂಬಂಧವಷ್ಟೇ ಕಂಡಿತು. ಆಂಡ್ರಾಯ್ಡ್ ಫೋನಿನ 'ಡಿಜಿಟಲ್ ವೆಲ್‌ಬೀಯಿಂಗ್' ಪುಟದ ಸ್ಕ್ರೀನ್‌ಶಾಟನ್ನು ಹತ್ತು ಹನ್ನೆರಡು ಮಂದಿಯಿಂದಲಾದರೂ, ಅವರ ಒಪ್ಪಿಗೆ ಪಡೆದು, ಕೇಳಿ ಹೋಲಿಸಿದ್ದರೆ ದೋಷದ ಅಳತೆ ಈ ಹಾಸ್ಟೆಲಿನಲ್ಲೇ ಸಿಗುತ್ತಿತ್ತು. ಒಂದು ವಾರದ ಕೆಲಸದಲ್ಲಿ ಸರಿಪಡಿಸಬಹುದಾಗಿದ್ದ ಕೊರತೆಯನ್ನು ಕೊನೆಯಲ್ಲಿ 'ಮಿತಿ' ಎಂದು ಬರೆದು ಮುಗಿಸುವುದು ಸಂಶೋಧನೆಯ ಲೋಕದಲ್ಲಿ ಬಹಳ ನಡೆಯುತ್ತದೆ. ವೈವಾದಲ್ಲಿ ಚುರುಕಾದ ಪರೀಕ್ಷಕರು ಮೊದಲು ಕೇಳುವುದೂ ಅದನ್ನೇ.

ಮೂರನೆಯದು, ಫಲಿತಾಂಶ ಯಾರಿಗೆ ಅನ್ವಯಿಸುತ್ತದೆ ಎಂಬುದು. ಇದನ್ನು ಚಿಕ್ಕ ಮಾದರಿಯೊಂದಿಗೆ ಬೆರೆಸುವುದು ತೀರ ಸಾಮಾನ್ಯ ತಪ್ಪು. ಜನರ ಸಂಖ್ಯೆ ಹೆಚ್ಚಿದರೆ ಮಸುಕು ಕಡಿಮೆಯಾಗುತ್ತದೆ, ಆದರೆ ಯಾರು ಒಳಗೆ ಬಂದರು ಎಂಬುದು ಬದಲಾಗುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಣಕು ಮತಪತ್ರ ಕಳಿಸಿ 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆಯಿತು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ವಿಳಾಸಗಳು ಬಹುಪಾಲು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ ಬಂದಿದ್ದವು. ಉತ್ತರಿಸಿದವರೂ ಉತ್ತರಿಸದವರೂ ಒಂದೇ ಬಗೆಯವರಾಗಿರಲಿಲ್ಲ.

ಹಾಸ್ಟೆಲಿನ 120ರಲ್ಲಿ ಉತ್ತರ ಕೊಡದವರು 78 ಮಂದಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫಾರ್ಮನ್ನು ತುಂಬಿದವರು ಫೋನನ್ನು ಹೆಚ್ಚು ಹಿಡಿಯುವವರೇ ಆಗಿರಬಹುದು. ಹಾಗಿದ್ದರೆ 42ರಲ್ಲಿ 24 ಎಂಬ ಬಳಕೆಯ ಪ್ರಮಾಣ ಆ ಹಾಸ್ಟೆಲಿಗೇ ಹೊಂದುವುದಿಲ್ಲ, ಹೊರಗಿನ ಮಾತು ಆಮೇಲಿನದು. ಹೊರಗಿನವರ ವಿಷಯಕ್ಕೆ ಬಂದರೆ, "ಎಲ್ಲ ವಿದ್ಯಾರ್ಥಿಗಳಿಗೂ ಅನ್ವಯಿಸದು" ಎಂದಷ್ಟೇ ಬರೆದರೆ ಸಾಲದು. ಈ ಜಾಗದ ಯಾವ ಗುಣದಿಂದ ಫಲಿತಾಂಶ ಬೇರೆ ಕಡೆ ಬದಲಾಗಬಹುದು ಎಂದು ಹೇಳಬೇಕು. ಹಾಸ್ಟೆಲಿನಲ್ಲಿ ಬೆಳಿಗ್ಗೆ ಗಂಟೆ ಬಾರಿಸಿದರೆ ಎಲ್ಲರೂ ಏಳಲೇಬೇಕು. ರಾತ್ರಿ ಮೊಬೈಲಿಗೆ ಕೊಟ್ಟ ಸಮಯ ನೇರವಾಗಿ ನಿದ್ರೆಯಿಂದಲೇ ಕಳೆಯುತ್ತದೆ. ತಡವಾಗಿ ಏಳಲು ಅವಕಾಶವಿರುವ ಮನೆಯಲ್ಲಿ ನಂಟು ಸಡಿಲವಾಗಿರಬಹುದು. ಮುಂಜಾನೆ ಹಳ್ಳಿಯಿಂದ ಬಸ್ಸು ಹಿಡಿಯುವವರಲ್ಲಿ ನಿದ್ರೆ ಕಡಿಮೆಯಾಗಲು ಮೊಬೈಲ್ ಬೇಕಾಗಿಯೇ ಇಲ್ಲ.

ಇಷ್ಟನ್ನು ಸೇರಿಸಿದರೆ ಪ್ಯಾರಾ ಹೀಗೆ ಬರುತ್ತದೆ:

"ಉತ್ತರಿಸಿದವರು 42 ಮಂದಿ ಮಾತ್ರವಾದ್ದರಿಂದ ಎರಡು ಗುಂಪುಗಳ ಅಂತರದ ಅಂದಾಜು 8ರಿಂದ 65 ಅಂಶಗಳವರೆಗೆ ಹರಡಿದೆ, ಅಂತರದ ಗಾತ್ರದ ಬಗ್ಗೆ ಈ ಅಧ್ಯಯನ ಏನನ್ನೂ ಖಚಿತವಾಗಿ ಹೇಳುವುದಿಲ್ಲ. ನಿದ್ರೆ, ಮೊಬೈಲ್ ಬಳಕೆ ಎರಡೂ ವಿದ್ಯಾರ್ಥಿನಿಯರೇ ಹೇಳಿದ ಅಂಕಿಗಳು. ನಿದ್ರೆಯನ್ನು ಹೆಚ್ಚಿಸಿ ಹೇಳುವುದು ಸಾಮಾನ್ಯವಾದ್ದರಿಂದ ಶೇ. 60 ಎಂಬುದು ಕಡಿಮೆ ಅಂದಾಜಾಗಿರಬಹುದು. ಎರಡು ಉತ್ತರಗಳ ನಡುವಿನ ಸಂಬಂಧವನ್ನು ಈ ದೋಷ ಕುಗ್ಗಿಸಿದೆಯೋ ಹಿಗ್ಗಿಸಿದೆಯೋ ತಿಳಿಯಲು ನಮ್ಮಲ್ಲಿ ಅಳತೆಯಿಲ್ಲ. ಉತ್ತರಿಸದ 78 ಮಂದಿಯ ಮೊಬೈಲ್ ಬಳಕೆ ಕಡಿಮೆಯಿದ್ದಿರಬಹುದು. ಏಳುವ ಸಮಯ ನಿಗದಿಯಾಗಿರುವ ಹಾಸ್ಟೆಲುಗಳಿಗೆ ಈ ಫಲಿತಾಂಶ ಹತ್ತಿರವಾಗಬಹುದು. ಮನೆಯಿಂದ ಬರುವವರಿಗೂ ಹುಡುಗರಿಗೂ ಇದನ್ನು ವಿಸ್ತರಿಸಲು ಆಧಾರವಿಲ್ಲ."

ಇದರಲ್ಲಿ ಕ್ಷಮೆ ಕೇಳುವ ಧಾಟಿಯಿಲ್ಲ. "ಈ ಮಿತಿಗಳಿದ್ದರೂ ಅಧ್ಯಯನ ಮಹತ್ವದ್ದು" ಎಂಬ ಸಮಾಧಾನದ ವಾಕ್ಯವೂ ಇಲ್ಲ. ಆ ವಾಕ್ಯ ಬಂದ ಕೂಡಲೇ ಮೇಲೆ ಬರೆದದ್ದೆಲ್ಲ ಹುಸಿಯಾಗುತ್ತದೆ. ಸಮಯದ ಅಭಾವ, ಹಣದ ಕೊರತೆ ಇಲ್ಲಿ ಬಂದಿಲ್ಲ. ಅವು ಸಂಶೋಧಕರ ಕಷ್ಟಗಳು, ಅಂಕಿಯ ಮಿತಿಗಳಲ್ಲ.

ಪ್ಯಾರಾ ಪ್ರಾಮಾಣಿಕವಾಗಿದೆಯೇ ಎಂದು ತಿಳಿಯಲು ಪ್ರಬಂಧದ ಶೀರ್ಷಿಕೆಗೂ ಸಾರಾಂಶಕ್ಕೂ ಮರಳಿ ಹೋಗಬೇಕು. ಮಿತಿಗಳಲ್ಲಿ ಇಷ್ಟೆಲ್ಲ ಒಪ್ಪಿಕೊಂಡು, ಸಾರಾಂಶದಲ್ಲಿ "ಮೊಬೈಲ್ ಬಳಕೆ ವಿದ್ಯಾರ್ಥಿಗಳ ನಿದ್ರೆಯನ್ನು ಕೆಡಿಸುತ್ತದೆ" ಎಂದು ಬಿಟ್ಟಿದ್ದರೆ ಮಿತಿಗಳನ್ನು ಬರೆದೇ ಇಲ್ಲ ಎಂದರ್ಥ. ಒಂದೇ ಬಾರಿ ಕೇಳಿ ಪಡೆದ ಉತ್ತರಗಳಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದೂ ತಿಳಿಯುವುದಿಲ್ಲ. ನಿದ್ರೆ ಬಾರದವಳೇ ಮೊಬೈಲ್ ಹಿಡಿದಿರಬಹುದು. ಆ ವಾಕ್ಯ ಹೀಗೆ ಬದಲಾಗಬೇಕು: "ಒಂದು ಮಹಿಳಾ ಹಾಸ್ಟೆಲಿನಲ್ಲಿ ಉತ್ತರಿಸಿದ 42 ಮಂದಿಯ ಪೈಕಿ, ಮಲಗಿದ ಮೇಲೆ ಹೆಚ್ಚು ಹೊತ್ತು ಮೊಬೈಲ್ ನೋಡುವುದಾಗಿ ಹೇಳಿದವರಲ್ಲಿ ಕಡಿಮೆ ನಿದ್ರೆಯ ಹೇಳಿಕೆಯೂ ಹೆಚ್ಚಾಗಿತ್ತು." ಬಹುತೇಕ ಓದುಗರು ಸಾರಾಂಶವನ್ನು ದಾಟಿ ಮುಂದೆ ಹೋಗುವುದಿಲ್ಲ, ಆದ್ದರಿಂದ ಮಿತಿ ಮೊದಲು ಕಾಣಿಸಬೇಕಾದದ್ದು ಅಲ್ಲಿಯೇ.