ನೆರಳಿನಲ್ಲಿ ಸಿಕ್ಕ ಅಲೆ

1929ರ ಜೂನ್ 17ರ ಬೆಳಿಗ್ಗೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮರ್ಚಿಸನ್ ಪಟ್ಟಣದ ಸುತ್ತ ನೆಲ ನಡುಗಿತು. ಗುಡ್ಡಗಳು ಕುಸಿದವು, 17 ಜನ ಸತ್ತರು. ಸುಮಾರು 19 ನಿಮಿಷಗಳ ನಂತರ ರಷ್ಯಾದ ಯುರಾಲ್ ಪರ್ವತಗಳ ಬಳಿಯ ಸ್ವೆರ್ಡ್ಲೋವ್‌ಸ್ಕ್ ನಗರದಲ್ಲಿ (ಇಂದಿನ ಯೆಕಟೆರಿನ್‌ಬರ್ಗ್) ಭೂಕಂಪಮಾಪಕದ ಗೆರೆ ಅಲುಗಿತು. ಆಗಿನ ತಿಳಿವಳಿಕೆಯ ಪ್ರಕಾರ ಆ ಊರಿಗೆ ಆ ಹೊತ್ತಿನಲ್ಲಿ ಅಂಥ ಸ್ಪಷ್ಟ ಅಲೆ ಬರುವಂತೆಯೇ ಇರಲಿಲ್ಲ. ಭೂಮಿಯ ನಟ್ಟನಡುವೆ ಇನ್ನೊಂದು ಗೋಳ ಅಡಗಿದೆ ಎಂಬ ಸಂಗತಿ ಹೊರಬಿದ್ದದ್ದು ಇಂಥ ಗೆರೆಗಳಿಂದಲೇ.

ಏಕೆ ಬರಬಾರದಿತ್ತು ಎಂಬುದನ್ನು ತಿಳಿಯಲು ಅಲೆಗಳ ಸ್ವಭಾವ ಗೊತ್ತಿರಬೇಕು. ಭೂಕಂಪವಾದಾಗ ಭೂಮಿಯ ಒಳಗೆ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲು ಮುಟ್ಟುವುದು ಪಿ ಅಲೆ. ಅದು ತಾನು ಸಾಗುವ ದಿಕ್ಕಿನಲ್ಲೇ ಬಂಡೆಯನ್ನು ಒತ್ತಿ, ಹಿಗ್ಗಿಸಿ ಮುಂದೆ ಹೋಗುತ್ತದೆ. ಅದರ ಹಿಂದೆ ಬರುವ ಎಸ್ ಅಲೆ ಬಂಡೆಯನ್ನು ಅಡ್ಡಡ್ಡವಾಗಿ ಅಲುಗಿಸುತ್ತದೆ. ಹೀಗೆ ಅಡ್ಡಕ್ಕೆ ತಳ್ಳಿದಾಗ ಮರಳಿ ಸ್ವಸ್ಥಾನಕ್ಕೆ ಬರುವ ಬಿಗಿ ದ್ರವಕ್ಕಿಲ್ಲ. ಹಾಗಾಗಿ ಪಿ ಅಲೆ ದ್ರವವನ್ನು ದಾಟುತ್ತದೆ, ಎಸ್ ಅಲೆ ದಾಟುವುದಿಲ್ಲ. ಆಳಕ್ಕೆ ಹೋದಂತೆ ಒತ್ತಡದಿಂದ ಬಂಡೆ ಬಿಗಿಯಾಗಿ ಅಲೆಯ ವೇಗ ಹೆಚ್ಚುತ್ತದೆ. ಆದ್ದರಿಂದ ಅಲೆ ನೇರ ಗೆರೆಯಲ್ಲಿ ಹೋಗದೆ ಬಾಗುತ್ತ ಬಾಗುತ್ತ ಮತ್ತೆ ಮೇಲಕ್ಕೇ ತಿರುಗಿ, ದೂರದ ಯಾವುದೋ ಊರಿನಲ್ಲಿ ಹೊರಬರುತ್ತದೆ. ಊರು ದೂರವಾದಷ್ಟೂ ಅಲ್ಲಿಗೆ ಬಂದ ಅಲೆ ಹೆಚ್ಚು ಆಳವನ್ನು ಮುಟ್ಟಿ ಬಂದಿರುತ್ತದೆ. ಕೊರೆದು ನೋಡಲಾಗದ ಆಳದ ಸುದ್ದಿಯನ್ನು ಅಲೆ ತಲುಪಿದ ಸಮಯದಿಂದ ಅರಿಯಬಹುದಾದದ್ದು ಇದರಿಂದಲೇ.

ಈ ಅಲೆಗಳನ್ನು ಕಾಗದದ ಮೇಲೆ ಬೇರೆ ಬೇರೆಯಾಗಿ ಗುರುತಿಸಿದ ಕೆಲಸಕ್ಕೆ ನಮ್ಮ ದೇಶದ ನಂಟಿದೆ. 1897ರ ಜೂನ್ 12ರಂದು ಶಿಲ್ಲಾಂಗ್ ಸುತ್ತಮುತ್ತಲ ಪ್ರದೇಶವನ್ನು ನೆಲಸಮ ಮಾಡಿದ ಅಸ್ಸಾಂ ಭೂಕಂಪವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ವಿವರವಾಗಿ ಅಧ್ಯಯನ ಮಾಡಿದರು. ಯುರೋಪಿನ ಉಪಕರಣಗಳಲ್ಲಿ ಆ ಕಂಪನ ಒಂದೇ ಸಲಕ್ಕೆ ಬಾರದೆ ಕಂತು ಕಂತಾಗಿ ಬಂದಿದ್ದನ್ನು ಅವರು ಗಮನಿಸಿದರು: ಮೊದಲು ಪಿ, ಆಮೇಲೆ ಎಸ್, ಕೊನೆಗೆ ನೆಲದ ಮೇಲ್ಮೈಗುಂಟ ಸಾಗಿಬಂದ ಅಲೆಗಳು. 1906ರಲ್ಲಿ ಅವರು ಇನ್ನೂ ದೊಡ್ಡ ಮಾತು ಹೇಳಿದರು. ಭೂಮಿಯ ಬಹುಪಾಲು ಆಚೆ ಬದಿಗೇ ಇರುವ ಊರುಗಳಿಗೆ ಅಲೆಗಳು ಲೆಕ್ಕಕ್ಕಿಂತ ತಡವಾಗಿ ಬರುತ್ತಿವೆ. ಎಂದರೆ ನಡುವೆ ಅಲೆಯನ್ನು ನಿಧಾನಗೊಳಿಸುವ ತಿರುಳೊಂದು ಇರಲೇಬೇಕು. ಅದರ ಗಾತ್ರವನ್ನು ಅವರು ನಿಜಕ್ಕಿಂತ ಚಿಕ್ಕದಾಗಿ ಎಣಿಸಿದ್ದರು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಬೆನೊ ಗುಟೆನ್‌ಬರ್ಗ್ ಆ ತಿರುಳಿನ ಅಂಚು 2,900 ಕಿಲೋಮೀಟರ್ ಆಳದಲ್ಲಿದೆ ಎಂದು ಲೆಕ್ಕ ಹಾಕಿದರು. ಇಂದಿನ ಅಳತೆಗೂ ಅವರ ಅಳತೆಗೂ ಇರುವ ವ್ಯತ್ಯಾಸ ಹತ್ತು ಕಿಲೋಮೀಟರಿನಷ್ಟು ಮಾತ್ರ. ಆ ಕಾಲದ ಗಡಿಯಾರಗಳನ್ನು ನೆನೆದರೆ ಬೆರಗಾಗುತ್ತದೆ.

ತಿರುಳಿನೊಳಗೆ ಎಸ್ ಅಲೆ ಹೋಗುವುದಿಲ್ಲ. ತಿರುಳು ದ್ರವ ಎಂದು 1926ರಲ್ಲಿ ಹೆರಾಲ್ಡ್ ಜೆಫ್ರೀಸ್ ವಾದಿಸಿದರು. ದ್ರವ ತಿರುಳು ಪಿ ಅಲೆಗೂ ಒಂದು ವಿಚಿತ್ರ ಗತಿ ತರುತ್ತದೆ. ನೀರಿನ ಲೋಟದಲ್ಲಿ ಇಳಿಬಿಟ್ಟ ಪೆನ್ಸಿಲ್ ಮುರಿದಂತೆ ಕಾಣುತ್ತದಲ್ಲ, ಬೆಳಕು ವೇಗ ಬದಲಿಸುವ ಕಡೆ ದಿಕ್ಕನ್ನೂ ಬದಲಿಸುತ್ತದೆ. ಪಿ ಅಲೆಯದೂ ಅದೇ ಕಥೆ. ಗಟ್ಟಿ ಬಂಡೆಯ ಮ್ಯಾಂಟಲ್‌ನ ತಳದಲ್ಲಿ ಅದು ಸೆಕೆಂಡಿಗೆ 13 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಬರುತ್ತದೆ. ತಿರುಳನ್ನು ಹೊಕ್ಕಕೂಡಲೇ ಆ ವೇಗ 8 ಕಿಲೋಮೀಟರಿಗೆ ಕುಸಿಯುತ್ತದೆ. ಅಲೆ ಒಳಮುಖವಾಗಿ ತೀವ್ರವಾಗಿ ಬಾಗಿ ಭೂಮಿಯ ಆಚೆ ಬದಿಯಲ್ಲಿ ಎಲ್ಲೋ ಏಳುತ್ತದೆ. ತಿರುಳನ್ನು ಸವರಿಕೊಂಡು ಹೋದ ಅಲೆ ಏಳುವ ಜಾಗಕ್ಕೂ ತಿರುಳನ್ನು ಹೊಕ್ಕ ಅಲೆ ಏಳುವ ಜಾಗಕ್ಕೂ ನಡುವೆ ಭೂಮಿಯನ್ನು ಸುತ್ತುವರಿದ ಒಂದು ಪಟ್ಟಿ ಖಾಲಿ ಉಳಿಯುತ್ತದೆ. ಇದೇ ನೆರಳಿನ ವಲಯ.

ಈ ದೂರಗಳನ್ನು ಭೂಮಿಯ ಕೇಂದ್ರದಲ್ಲಿ ಏರ್ಪಡುವ ಕೋನದಿಂದ ಅಳೆಯುತ್ತಾರೆ. ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್, ಪೂರ್ತಿ ಆಚೆ ಬದಿ 180 ಡಿಗ್ರಿ. ನೆರಳು ಸುಮಾರು 104ರಿಂದ 140 ಡಿಗ್ರಿಯವರೆಗೆ ಹಬ್ಬಿದೆ. ಮರ್ಚಿಸನ್‌ನಿಂದ ಸ್ವೆರ್ಡ್ಲೋವ್‌ಸ್ಕ್ ಸುಮಾರು 135 ಡಿಗ್ರಿ ದೂರ, ನೆರಳಿನ ಒಳಗೆ.

ಡೆನ್ಮಾರ್ಕಿನ ಭೂಕಂಪತಜ್ಞೆ ಇಂಗೆ ಲೇಮನ್ ಈ ನೆರಳಿನೊಳಗಿನ ಗೆರೆಗಳನ್ನು ಬಿಡದೆ ಹಿಂಬಾಲಿಸಿದರು. ಕೋಪನ್‌ಹೇಗನ್‌ನ ಮನೆಯ ತೋಟದಲ್ಲಿ ದೊಡ್ಡ ಮೇಜಿನ ಮೇಲೆ ಓಟ್ಸ್ ತುಂಬಿ ಬರುವ ರಟ್ಟಿನ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು, ಅವುಗಳಲ್ಲಿ ಚೀಟಿಗಳನ್ನು ಜೋಡಿಸಿಕೊಂಡು ಅವರು ಕೂತಿರುತ್ತಿದ್ದರೆಂದು ಅವರ ಬಂಧುವೊಬ್ಬರು ನೆನಪಿಸಿಕೊಂಡಿದ್ದಾರೆ. ಜಗತ್ತಿನ ಯಾವ ಕೇಂದ್ರದಲ್ಲಿ ಯಾವ ಕಂಪನ ಎಷ್ಟು ಗಂಟೆಗೆ ಬಂತು ಎಂಬುದು ಆ ಚೀಟಿಗಳಲ್ಲಿತ್ತು. ಆ ಶ್ರಮ ಬೇಕಾಗಿತ್ತು. ಒಂದು ಕೇಂದ್ರದ ಗಡಿಯಾರ ಕೆಲವು ಸೆಕೆಂಡು ತಪ್ಪಿದ್ದರೂ ಇಲ್ಲದ ಪದರ ಇದ್ದಂತೆ ಕಾಣಬಹುದು. ಹಲವು ಕೇಂದ್ರಗಳ ಸಮಯ ಒಂದೇ ರೇಖೆಯ ಮೇಲೆ ಕೂತರೆ ಮಾತ್ರ ಅದನ್ನು ನಂಬಬಹುದು.

ನೆರಳಿನಲ್ಲಿ ಕ್ಷೀಣ ಅಲೆಗಳು ಕಾಣುತ್ತವೆಂಬುದು ಇತರರಿಗೂ ಗೊತ್ತಿತ್ತು. ತಿರುಳಿನ ಅಂಚಿಗೆ ಅಂಟಿಕೊಂಡು ಬಳಸಿ ಬಂದ ಅಲೆಗಳಿರಬೇಕು ಎಂದು ಅವರು ಸಮಾಧಾನಪಟ್ಟಿದ್ದರು. ಲೇಮನ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಮೇಲೆ-ಕೆಳಗಿನ ಚಲನೆಯನ್ನಷ್ಟೇ ಬರೆಯುವ ಉಪಕರಣಗಳಲ್ಲಿ ಈ ಅಲೆಗಳು ಎದ್ದು ಕಾಣುತ್ತಿದ್ದವು. ಎಂದರೆ ಅವು ಕೆಳಗಿನಿಂದ ಬಹುಪಾಲು ನೆಟ್ಟಗೆ ಮೇಲೇರಿ ಬಂದಿವೆ. ಬಳಸಿ ಬಂದು ಸೊರಗಿದ ಅಲೆಗೆ ಅಷ್ಟು ಬಲವೂ ಇರುವುದಿಲ್ಲ.

ಅವರು ಲೆಕ್ಕವನ್ನು ತೀರ ಸರಳ ಮಾಡಿಕೊಂಡರು. ಮ್ಯಾಂಟಲ್‌ನಲ್ಲಿ ಎಲ್ಲೆಡೆ ಸೆಕೆಂಡಿಗೆ 10 ಕಿಲೋಮೀಟರ್ ವೇಗ, ತಿರುಳಿನಲ್ಲಿ 8. ತಿರುಳಿನ ತ್ರಿಜ್ಯ ಭೂಮಿಯ ತ್ರಿಜ್ಯದ ಒಂಬತ್ತರಲ್ಲಿ ಐದು ಭಾಗ ಎಂದು ಹಿಡಿದು ಈ ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ವೇಗ ಬದಲಾಗದ ಕಡೆ ಅಲೆ ನೇರವಾಗಿಯೇ ಹೋಗುವುದರಿಂದ ಹೈಸ್ಕೂಲಿನ ತ್ರಿಕೋನಮಿತಿ ಸಾಕು. ತಿರುಳನ್ನು ಸವರಿ ಹೋದ ಅಲೆ 112 ಡಿಗ್ರಿಯಲ್ಲಿ ಏಳುತ್ತದೆ. ಒಳಹೊಕ್ಕ ಅಲೆ ಎಷ್ಟೇ ಬಾಗಿದರೂ 154 ಡಿಗ್ರಿಗಿಂತ ಹತ್ತಿರ ಏಳುವುದಿಲ್ಲ. ನಡುವೆ ಬರಿ ನೆರಳು. ಈಗ ತಿರುಳಿನ ನಡುವೆ ಹೆಚ್ಚು ವೇಗದ ಇನ್ನೊಂದು ಗೋಳವನ್ನಿಟ್ಟರೆ, ಅದಕ್ಕೆ ತಾಗಿದ ಕೆಲವು ಅಲೆಗಳು ಹೊರಮುಖವಾಗಿ ಬಾಗಿ ಆ ನೆರಳಿನೊಳಗೇ ಬಂದು ಬೀಳುತ್ತವೆ. ಕಾಗದದ ಮೇಲೆ ಕಂಡದ್ದೂ ಅದೇ. 1936ರಲ್ಲಿ ಪ್ರಕಟವಾದ ಅವರ ಲೇಖನದ ಶೀರ್ಷಿಕೆ P′ ಅಷ್ಟೆ; ತಿರುಳನ್ನು ಹಾಯ್ದು ಬಂದ ಪಿ ಅಲೆಗೆ ಆಗ ಬಳಸುತ್ತಿದ್ದ ಗುರುತು ಅದು. ಬಳಸಿ ಬಂದ ಅಲೆಗಳಿಂದ ಈ ಗೆರೆಗಳನ್ನು ವಿವರಿಸಲಾಗದು ಎಂದು 1939ರಲ್ಲಿ ಜೆಫ್ರೀಸ್ ಕೂಡ ಲೆಕ್ಕ ಹಾಕಿ ತೋರಿಸಿದರು. ಒಳತಿರುಳಿನ ತ್ರಿಜ್ಯ ಸುಮಾರು 1,400 ಕಿಲೋಮೀಟರ್ ಎಂದು ಲೇಮನ್ ಅಂದಾಜಿಸಿದ್ದರು. ಈಗಿನ ಅಳತೆ ಸುಮಾರು 1,220.

ಆದರೆ ಆ ಗೋಳ ಗಟ್ಟಿಯೋ ದ್ರವವೋ ಎಂಬುದನ್ನು ಲೇಮನ್ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಪಿ ಅಲೆಯ ಸಮಯ ತಿಳಿಸುವುದು ವೇಗವನ್ನು ಮಾತ್ರ, ಮತ್ತು ಪಿ ಅಲೆ ಗಟ್ಟಿಯಲ್ಲೂ ದ್ರವದಲ್ಲೂ ಸಾಗುತ್ತದೆ. ಒಳತಿರುಳಿನಲ್ಲಿ ಎಸ್ ಅಲೆ ಹಿಡಿದರೆ ಪ್ರಶ್ನೆ ಮುಗಿಯುತ್ತಿತ್ತು. ಆದರೆ ಅದಕ್ಕೆ ಪಿ ಅಲೆ ದ್ರವವನ್ನು ದಾಟಿ, ಒಳತಿರುಳಿನ ಅಂಚಿನಲ್ಲಿ ಎಸ್ ಆಗಿ ಮಾರ್ಪಟ್ಟು, ಮತ್ತೆ ಪಿ ಆಗಿ ಹೊರಬರಬೇಕು. ಅಷ್ಟರಲ್ಲಿ ಅದು ಗದ್ದಲದಲ್ಲಿ ಮುಳುಗಿಹೋಗುವಷ್ಟು ಕ್ಷೀಣವಾಗಿರುತ್ತದೆ.

ಉತ್ತರ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಬಹಳ ದೊಡ್ಡ ಭೂಕಂಪವಾದರೆ ಇಡೀ ಭೂಮಿಯೇ ದಿನಗಟ್ಟಲೆ ಕಂಪಿಸುತ್ತಿರುತ್ತದೆ. ಇಂಥ ಕಂಪನಗಳಲ್ಲಿ ಅತಿ ನಿಧಾನದ್ದು ಒಂದು ಸುತ್ತು ಮುಗಿಸಲು ಸುಮಾರು 54 ನಿಮಿಷ ಬೇಕು. ಪ್ರತಿ ಕಂಪನದ ಅವಧಿಯೂ ಒಳಗಿನ ಬಿಗಿ ಮತ್ತು ಸಾಂದ್ರತೆಯನ್ನು ಅವಲಂಬಿಸಿದೆ. 1964ರ ಅಲಾಸ್ಕ ಭೂಕಂಪದ ದಾಖಲೆಗಳಲ್ಲಿ ಇಂಥ ಅವಧಿಗಳನ್ನು ಅಳೆದ ಆಡಮ್ ಜೀವೊನ್‌ಸ್ಕಿ ಮತ್ತು ಫ್ರೀಮನ್ ಗಿಲ್ಬರ್ಟ್ 1971ರಲ್ಲಿ ಲೆಕ್ಕ ಮುಂದಿಟ್ಟರು: ಒಳತಿರುಳನ್ನು ದ್ರವವೆಂದು ಇಟ್ಟುಕೊಂಡರೆ ಕೆಲವು ಕಂಪನಗಳ ಅವಧಿ ಹೊಂದುವುದಿಲ್ಲ, ಗಟ್ಟಿಯೆಂದು ಇಟ್ಟುಕೊಂಡರೆ ಹೊಂದುತ್ತದೆ. ಆಗ ಲೇಮನ್‌ರಿಗೆ 83 ವರ್ಷ.