ಬಾಡಿಗೆಯೋ, ಲೈಸೆನ್ಸೋ?

ಮನೆ ಅಥವಾ ಅಂಗಡಿಯನ್ನು ಹಣ ಕೊಟ್ಟು ಬಳಸುವ ಇಬ್ಬರು ಮೇಲ್ನೋಟಕ್ಕೆ ಒಂದೇ ತೆರನಾಗಿ ಕಂಡರೂ ಕಾನೂನಿನ ಕಣ್ಣಿನಲ್ಲಿ ಬೇರೆ ಬೇರೆಯಾಗಿರಬಹುದು. ಒಬ್ಬನಿಗೆ ಆ ಜಾಗದ ಮೇಲೆ ಹಕ್ಕಿನ ಒಂದು ಪಾಲು ಬಂದಿರುತ್ತದೆ, ಅವನು ಬಾಡಿಗೆದಾರ. ಇನ್ನೊಬ್ಬನಿಗೆ ಸಿಕ್ಕಿರುವುದು ಬರಿಯ ಅನುಮತಿ, ಅವನು ಲೈಸೆನ್ಸ್‌ದಾರ. ಮೊದಲನೆಯದನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಂ ಲೀಸ್ ಎಂದು ವಿವರಿಸುತ್ತದೆ. ಪ್ರತಿಫಲಕ್ಕಾಗಿ ಸ್ಥಿರಾಸ್ತಿಯನ್ನು ಅನುಭವಿಸುವ ಹಕ್ಕನ್ನೇ ವರ್ಗಾಯಿಸುವುದು ಲೀಸ್. ಎರಡನೆಯದು ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮಿನಲ್ಲಿದೆ. ಅನುಮತಿ ಇಲ್ಲದಿದ್ದರೆ ಅತಿಕ್ರಮಣವಾಗುತ್ತಿದ್ದ ಕೆಲಸವನ್ನು ಮಾಡಲು ಒಡೆಯ ಒಪ್ಪಿಗೆ ಕೊಟ್ಟರೆ ಅದು ಲೈಸೆನ್ಸ್, ಆದರೆ ಆಸ್ತಿಯಲ್ಲಿ ಅದರಿಂದ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. (ಕರ್ನಾಟಕದಲ್ಲಿ ದೊಡ್ಡ ಮೊತ್ತವನ್ನು ಮೊದಲೇ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವುದಕ್ಕೆ, ಅಂದರೆ ಭೋಗ್ಯಕ್ಕೆ, ಲೀಸ್ ಎನ್ನುವ ರೂಢಿಯಿದೆ. ಇಲ್ಲಿ ಹೇಳುತ್ತಿರುವುದು ತಿಂಗಳ ಬಾಡಿಗೆಯೂ ಸೇರಿದ ಕಾನೂನಿನ ಲೀಸ್.)

ಒಡೆಯ ಆಸ್ತಿಯನ್ನು ಮಾರಿದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬಾಡಿಗೆದಾರನಿರುವ ಕಟ್ಟಡವನ್ನು ಕೊಂಡವನು ಬಾಡಿಗೆದಾರನನ್ನೂ ಅವನ ಹಕ್ಕುಗಳನ್ನೂ ಸೇರಿಸಿಯೇ ಕೊಂಡಂತೆ. ಹಳೆಯ ಒಡೆಯನ ಜಾಗದಲ್ಲಿ ಹೊಸಬ ಬರುತ್ತಾನೆ, ಅಷ್ಟೆ. ಲೈಸೆನ್ಸ್ ಹಾಗಲ್ಲ. ಆಸ್ತಿ ಕೊಂಡವನು ಅದಕ್ಕೆ ಬದ್ಧನಲ್ಲ ಎಂದು ಈಸ್‌ಮೆಂಟ್ಸ್ ಕಾಯ್ದೆಯ 59ನೇ ಕಲಂ ನೇರವಾಗಿ ಹೇಳುತ್ತದೆ. ಕೊಟ್ಟ ಒಡೆಯನೇ ಅದನ್ನು ಹಿಂತೆಗೆದುಕೊಳ್ಳಲೂಬಹುದು. ಲೈಸೆನ್ಸಿನ ಭರವಸೆಯ ಮೇಲೆ ಸ್ವಂತ ಖರ್ಚಿನಲ್ಲಿ ಶಾಶ್ವತ ಸ್ವರೂಪದ ಕಟ್ಟಡ ಕಟ್ಟಿಕೊಂಡಂಥ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ಉಳಿದಂತೆ ಲೈಸೆನ್ಸ್‌ದಾರನಿಗೆ ಸಿಗುವುದು ಸಾಮಾನು ಸಾಗಿಸಿಕೊಂಡು ಹೊರಡಲು ಬೇಕಾದಷ್ಟು ಸಮಯ. ಅವಧಿ ಮುಗಿಯುವ ಮೊದಲೇ ತಪ್ಪಿಲ್ಲದೆ ಹೊರಹಾಕಿದ್ದರೆ ಪರಿಹಾರ ಕೇಳಬಹುದು, ಜಾಗವನ್ನು ಕೇಳುವಂತಿಲ್ಲ.

ಜಗಳವೆಲ್ಲ ಶುರುವಾಗುವುದು ಬಾಡಿಗೆ ನಿಯಂತ್ರಣ ಕಾಯ್ದೆಗಳಿಂದ. ಕಾಯ್ದೆಯಲ್ಲಿ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತು ಮಾಡದೆ ಬಾಡಿಗೆದಾರನನ್ನು ತೆರವುಗೊಳಿಸುವಂತಿಲ್ಲ ಎಂಬುದು ಇವುಗಳ ತಿರುಳು. ಈ ರಕ್ಷಣೆ ಇರುವುದು ಬಾಡಿಗೆದಾರನಿಗೆ ಮಾತ್ರ. ಹಾಗಾಗಿ ಬಾಡಿಗೆಗೇ ಕೊಟ್ಟು ಕಾಗದದ ಮೇಲೆ ಲೈಸೆನ್ಸ್ ಎಂದು ಬರೆಸಿಕೊಳ್ಳುವ ಜಾಣತನ ಬೆಳೆಯಿತು. ಆ ಕಾಗದಕ್ಕೆ ಎಷ್ಟು ಬೆಲೆ ಎಂಬುದನ್ನು ತೀರ್ಮಾನಿಸಿದ್ದು ದೆಹಲಿಯ ಒಂದು ಕ್ಷೌರದಂಗಡಿಯ ಮೊಕದ್ದಮೆ.

ಇಂಪೀರಿಯಲ್ ಹೋಟೆಲಿನ ಒಡೆತನದ ಅಸೋಸಿಯೇಟೆಡ್ ಹೋಟೆಲ್ಸ್ ಕಂಪನಿ 1949ರಲ್ಲಿ ಹೋಟೆಲಿನ ಎರಡು ಕೋಣೆಗಳನ್ನು ಒಬ್ಬ ಕೇಶಾಲಂಕಾರದ ವ್ಯಾಪಾರಿಗೆ ಕೊಟ್ಟಿತು. ವರ್ಷಕ್ಕೆ 9,600 ರೂಪಾಯಿ, ನಾಲ್ಕು ಕಂತು. ಪತ್ರದ ಉದ್ದಕ್ಕೂ ಲೈಸೆನ್ಸಿನ ಭಾಷೆಯೇ ಇತ್ತು. ಮರುವರ್ಷ ವ್ಯಾಪಾರಿ, ತಾನು ಬಾಡಿಗೆದಾರ, ಬಾಡಿಗೆ ವಿಪರೀತವಾಗಿದೆ, ನ್ಯಾಯವಾದ ದರ ಗೊತ್ತುಮಾಡಿಕೊಡಿ ಎಂದು ಬಾಡಿಗೆ ನಿಯಂತ್ರಣಾಧಿಕಾರಿಗೆ ಅರ್ಜಿ ಹಾಕಿದ. ನೀನು ಬಾಡಿಗೆದಾರನೇ ಅಲ್ಲ ಎಂದಿತು ಕಂಪನಿ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1959ರಲ್ಲಿ ತೀರ್ಪು ಬಂತು.

ನ್ಯಾಯಮೂರ್ತಿ ಕೆ. ಸುಬ್ಬರಾವ್ ಅಲ್ಲಿ ಹಾಕಿಕೊಟ್ಟ ಸೂತ್ರಗಳನ್ನು ಇಂದಿಗೂ ಕೋರ್ಟುಗಳು ಬಳಸುತ್ತವೆ. ಪತ್ರದ ರೂಪವನ್ನಲ್ಲ, ಹೂರಣವನ್ನು ನೋಡಬೇಕು. ಎರಡೂ ಕಡೆಯವರ ಉದ್ದೇಶವೇನಿತ್ತು ಎಂಬುದೇ ನಿಜವಾದ ಪರೀಕ್ಷೆ. ಆಸ್ತಿಯಲ್ಲಿ ಹಿತಾಸಕ್ತಿ ಹುಟ್ಟಿದ್ದರೆ ಲೀಸ್, ಕಾನೂನುಬದ್ಧ ಸ್ವಾಧೀನ ಒಡೆಯನಲ್ಲೇ ಉಳಿದು ಬಳಕೆ ಮಾತ್ರ ಇನ್ನೊಬ್ಬನದಾದರೆ ಲೈಸೆನ್ಸ್. ಬೇರೆ ಯಾರಿಗೂ ಪಾಲಿಲ್ಲದ ಸ್ವಾಧೀನ ಸಿಕ್ಕಿದ್ದರೆ ಅವನನ್ನು ಮೇಲ್ನೋಟಕ್ಕೆ ಬಾಡಿಗೆದಾರ ಎಂದೇ ಎಣಿಸಬೇಕು, ಆದರೆ ಸಂದರ್ಭಗಳು ಅದನ್ನು ಸುಳ್ಳಾಗಿಸಲೂಬಹುದು. ಕ್ಷೌರದಂಗಡಿಯ ಕರಾರಿನಲ್ಲಿ, ಕಂಪನಿ ಒಪ್ಪಿದರೆ ತನ್ನ ಹಕ್ಕನ್ನು ಇನ್ನೊಬ್ಬನಿಗೆ ವಹಿಸಲು ವ್ಯಾಪಾರಿಗೆ ಅವಕಾಶವಿತ್ತು. ಬರಿಯ ಅನುಮತಿಯನ್ನು ಹೀಗೆ ಕೈದಾಟಿಸುವುದುಂಟೇ? ಇದು ಲೀಸೇ ಎಂದು ಬಹುಮತದ ತೀರ್ಮಾನವಾಯಿತು.

ಆದರೂ ವ್ಯಾಪಾರಿ ಸೋತ. ದೆಹಲಿಯ ಆಗಿನ ಬಾಡಿಗೆ ಕಾಯ್ದೆ ಹೋಟೆಲಿನ ಕೋಣೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಅವನ ಕೋಣೆಗಳೂ ಹೋಟೆಲಿನ ಕೋಣೆಗಳೇ ಎಂದು ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಹೇಳಿದರು. ಸುಬ್ಬರಾವ್ ಒಪ್ಪಲಿಲ್ಲ. ಸೂತ್ರ ಕೊಟ್ಟವರ ಮಾತು ಫಲಿತಾಂಶದಲ್ಲಿ ನಿಲ್ಲದೆ ಹೋದದ್ದು ಈ ತೀರ್ಪಿನ ಸೋಜಿಗ. ಬಾಡಿಗೆದಾರ ಎನಿಸಿಕೊಂಡ ಮಾತ್ರಕ್ಕೆ ರಕ್ಷಣೆ ಸಿಗದು, ಆ ಕಟ್ಟಡ ಬಾಡಿಗೆ ಕಾಯ್ದೆಯ ಒಳಗೂ ಇರಬೇಕು.

ಕೆಲವು ವರ್ಷಗಳ ನಂತರ ಮದ್ರಾಸಿನ ಒಂದು ಖಾಸಗಿ ಮಾರುಕಟ್ಟೆಯ ಮಳಿಗೆಗಳ ಪ್ರಶ್ನೆ ಬಂದಾಗ ಅದೇ ಸೂತ್ರ ಬೇರೆ ಉತ್ತರ ಕೊಟ್ಟಿತು. ಅಲ್ಲಿ ಮಾರುಕಟ್ಟೆಯನ್ನು ತೆರೆಯುವುದು, ಮುಚ್ಚುವುದು, ಕಾವಲು ಎಲ್ಲವೂ ಒಡೆಯರ ಕೈಯಲ್ಲಿತ್ತು. ಗೊತ್ತಾದ ವೇಳೆಯ ಆಚೆ ವ್ಯಾಪಾರಿಗಳು ಒಳಗಿರುವಂತಿರಲಿಲ್ಲ. ಇದು ಲೈಸೆನ್ಸ್ ಎಂದಿತು ಸುಪ್ರೀಂ ಕೋರ್ಟ್. ಕೀಲಿ ಯಾರ ಬಳಿ, ಒಡೆಯ ಕೇಳದೆ ಒಳಬರಬಹುದೇ, ಅವನು ಮನಸ್ಸು ಬಂದಂತೆ ಜಾಗ ಬದಲಿಸಬಹುದೇ ಎಂಬ ಪ್ರಶ್ನೆಗಳು ಪತ್ರದ ತಲೆಬರಹಕ್ಕಿಂತ ಹೆಚ್ಚು ಹೇಳುತ್ತವೆ. ಒಡೆಯನು ಆಗಾಗ ಬಂದು ಪರಿಶೀಲಿಸಬಹುದು ಎಂಬ ಷರತ್ತು ಸಾಮಾನ್ಯವಾಗಿ ಲೀಸಿನ ಕಡೆಗೇ ಬೆರಳು ತೋರಿಸುತ್ತದೆ. ಸ್ವಾಧೀನ ತನ್ನದೇ ಆಗಿದ್ದರೆ ಅಂಥ ಷರತ್ತನ್ನು ಬರೆಸಿಕೊಳ್ಳುವ ಗೋಜು ಅವನಿಗೇಕೆ?

ಈ ನಿಯಮಕ್ಕೆ ಮಹಾರಾಷ್ಟ್ರ ದೊಡ್ಡ ಅಪವಾದ. ಮುಂಬಯಿಯಲ್ಲಿ ಬಾಡಿಗೆ ಮನೆ ಹಿಡಿಯುವ ಕನ್ನಡಿಗರು ಸಾಮಾನ್ಯವಾಗಿ ಸಹಿ ಹಾಕುವುದು ‘ಲೀವ್ ಅಂಡ್ ಲೈಸೆನ್ಸ್’ ಕರಾರಿಗೆ. ಹಿಂದೆ ಇಂಥವರ ಪರವಾಗಿ ಶಾಸನವೇ ನಿಂತಿತ್ತು: 1973ರ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸೆನ್ಸಿನ ಮೇಲೆ ವಾಸವಿದ್ದವರನ್ನು ತಿದ್ದುಪಡಿಯೊಂದು ಬಾಡಿಗೆದಾರರನ್ನಾಗಿ ಮಾಡಿತು. ಈಗಿನ 1999ರ ಬಾಡಿಗೆ ಕಾಯ್ದೆಯ ದಿಕ್ಕು ತಿರುಗಿದೆ. ಅದರ 24ನೇ ಕಲಮಿನ ಪ್ರಕಾರ ವಾಸಕ್ಕಾಗಿ ಕೊಟ್ಟ ಲೈಸೆನ್ಸಿನ ಅವಧಿ ಮುಗಿದರೆ ಹೊರಡಲೇಬೇಕು, ಹೊರಡದಿದ್ದರೆ ಎರಡರಷ್ಟು ಶುಲ್ಕದ ದಂಡ ತೆರಬೇಕು. ಬರವಣಿಗೆಯಲ್ಲಿರುವ ಕರಾರು ತಾನು ಹೇಳುವ ಸಂಗತಿಗೆ ನಿರ್ಣಾಯಕ ಸಾಕ್ಷ್ಯ. ಹೂರಣ ಬೇರೆ ಇತ್ತು ಎಂಬ ವಾದಕ್ಕೆ ಅಲ್ಲಿ ಹೆಚ್ಚು ಎಡೆಯಿಲ್ಲ.

ಕರ್ನಾಟಕದಲ್ಲಿ ಚಾಲ್ತಿಯಲ್ಲಿರುವುದು ಹನ್ನೊಂದು ತಿಂಗಳ ಬಾಡಿಗೆ ಕರಾರು. ಹನ್ನೊಂದು ತಿಂಗಳಿಗೆ ಬರೆಸಿದರೆ ಅದು ಲೈಸೆನ್ಸ್ ಆಗುತ್ತದೆ ಎಂದು ನಂಬಿದವರಿದ್ದಾರೆ. ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯವಾದ್ದರಿಂದ ಅದನ್ನು ತಪ್ಪಿಸಲು ಕಂಡುಕೊಂಡ ದಾರಿ ಅದು, ಲೀಸ್ ಲೀಸಾಗಿಯೇ ಉಳಿಯುತ್ತದೆ. ಇಲ್ಲಿನ ತೊಡಕು ಬೇರೆಯೇ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿನ ಇಂದಿನ ದರದಲ್ಲಿ ಹೆಚ್ಚಿನ ಮನೆಗಳು ಈ ಮಿತಿಯಿಂದ ಹೊರಗೇ ಉಳಿದಿವೆ. ಅಂಥ ಬಾಡಿಗೆದಾರನಿಗೆ ಉಳಿಯುವುದು ಸ್ವತ್ತು ವರ್ಗಾವಣೆ ಕಾಯ್ದೆ ಮಾತ್ರ. ತಿಂಗಳ ಬಾಡಿಗೆಯಾದರೆ ಒಡೆಯ ಕಾರಣ ಹೇಳಬೇಕಿಲ್ಲ, 15 ದಿನಗಳ ನೋಟಿಸು ಕೊಟ್ಟು ದಾವೆ ಹೂಡಿದರೆ ಸಾಕು.

ಹಾಗೆಂದು ಒಡೆಯ ತಾನೇ ಬೀಗ ಒಡೆದು ಸಾಮಾನು ಬೀದಿಗೆ ಹಾಕುವಂತಿಲ್ಲ. ದಾವೆಯಿಲ್ಲದೆ ಬಲವಂತದಿಂದ ಸ್ವಾಧೀನ ಕಳೆದುಕೊಂಡ ಬಾಡಿಗೆದಾರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಅದನ್ನು ಮರಳಿ ಪಡೆಯಬಹುದು. ಸ್ವಾಧೀನವೇ ಇಲ್ಲದವನಿಗೆ ಈ ದಾರಿಯೂ ಕಷ್ಟ. ಗೋವಾದ ಮನೆಯೊಂದರ ವ್ಯಾಜ್ಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ಮನೆ ನೋಡಿಕೊಳ್ಳಲು ಇಟ್ಟವನಿಗೆ ಅವನು ಎಷ್ಟೇ ವರ್ಷ ಅಲ್ಲಿದ್ದರೂ ಹಕ್ಕು ಬರುವುದಿಲ್ಲ, ಒಡೆಯ ಕೇಳಿದ ಕೂಡಲೇ ಬಿಟ್ಟುಕೊಡಬೇಕು ಎಂದಿತು. ಪಿ.ಜಿ.ಯಲ್ಲಿ ಮಂಚವೊಂದಕ್ಕೆ ಹಣ ಕಟ್ಟಿ, ಊಟ, ಶುಚಿ, ಗೇಟಿನ ವೇಳೆ ಎಲ್ಲವನ್ನೂ ನಡೆಸುವವರ ಕೈಗೆ ಬಿಟ್ಟವರು ಕೂಡ ಸಾಮಾನ್ಯವಾಗಿ ಲೈಸೆನ್ಸ್‌ದಾರರೇ. ನಡೆಸುವವರು ತೆರವು ಮಾಡೆಂದರೆ ಅವರ ವಾದ ಉಳಿಯುವುದು ಮುಂಗಡ ಹಣ ವಾಪಸು ಬರಬೇಕೆಂಬುದರ ಸುತ್ತ, ಕೋಣೆಯ ಸುತ್ತ ಅಲ್ಲ.