ಕೆಂಚಿಯ ಒಂಟಿ ಮುಂಗಾಲು

ಟಿವಿ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಒಂದು ಸಂಜೆ ಗಮನಿಸಿದೆ. ಕೆಂಚಿ ತನ್ನ ಬಲ ಮುಂಗಾಲಿನ ಮಣಿಕಟ್ಟನ್ನು ಬಿಡದೆ ನೆಕ್ಕುತ್ತಿದ್ದಳು. ಅಷ್ಟು ಭಾಗದ ಕೂದಲು ಒದ್ದೆಯಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಗಾಯವಿಲ್ಲ, ಉಣ್ಣೆಯೂ ಇಲ್ಲ. ಮುಟ್ಟಿದರೆ ಕಾಲು ಎಳೆದುಕೊಂಡಳು. ಅವಳಿಗೆ ಇರುವುದೇ ಅದೊಂದು ಮುಂಗಾಲು. ಎಡಗಾಲು ಎಂಟು ತಿಂಗಳ ಹಿಂದೆ ಗೂಡ್ಸ್ ಆಟೋ ಚಕ್ರಕ್ಕೆ ಸಿಕ್ಕಿ, ಭುಜದ ಮೂಳೆಯ ಸಮೇತ ತೆಗೆಸಬೇಕಾಗಿ ಬಂದಿತ್ತು.

ಆಪರೇಷನ್ ಆದ ಮೇಲೆ ನಾವೆಲ್ಲ ಚಿಂತಿಸಿದ್ದು ಇವಳು ನಡೆಯುತ್ತಾಳೋ ಇಲ್ಲವೋ ಎಂದು. ಮೂರನೇ ದಿನಕ್ಕೇ ಕುಪ್ಪಳಿಸಿಕೊಂಡು ಗೇಟಿನ ತನಕ ಹೋಗಿ ಹಾಲಿನ ಹುಡುಗನಿಗೆ ಬೊಗಳಿ ಬಂದಳು. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡೆವು. ತಪ್ಪಾಗಿದ್ದು ಅಲ್ಲಿಯೇ.

ನಾಯಿ ನಿಂತಾಗ ಮೈಭಾರದ ಸುಮಾರು 60 ಪಾಲು ಮುಂಗಾಲುಗಳ ಮೇಲೆ, 40 ಪಾಲು ಹಿಂಗಾಲುಗಳ ಮೇಲೆ ಬೀಳುತ್ತದೆ. ತಲೆ, ಕುತ್ತಿಗೆ, ಎದೆ ಎಲ್ಲವೂ ಮುಂದೆಯೇ ಇರುವುದರಿಂದ ಹಾಗೆ. ಕೆಂಚಿ ಆಗ 18 ಕಿಲೋ ಇದ್ದಳು. ಅಂದರೆ ಒಂದೊಂದು ಮುಂಗಾಲು ಹೊರುತ್ತಿದ್ದದ್ದು ಹೆಚ್ಚುಕಡಿಮೆ ಐದೂವರೆ ಕಿಲೋ. ಒಂದು ಮುಂಗಾಲು ಹೋದಾಗ ನಾಯಿ ಸ್ವಲ್ಪ ಭಾರವನ್ನು ಹಿಂದಕ್ಕೆ ದಾಟಿಸುತ್ತದೆ. ಆದರೂ ಉಳಿದ ಮುಂಗಾಲಿನ ಪಾಲಿಗೆ 45ರ ಆಸುಪಾಸು ಬಂದೇ ಬರುತ್ತದೆ. 18 ಕಿಲೋದಲ್ಲಿ ಅದು ಎಂಟು ಕಿಲೋ. ಇದು ಸುಮ್ಮನೆ ನಿಂತಾಗಿನ ಲೆಕ್ಕ. ಕುಪ್ಪಳಿಸುವಾಗ ಪ್ರತಿ ಹೆಜ್ಜೆಗೂ ಮುಂಭಾಗವೆಲ್ಲ ಆ ಒಂದೇ ಕಾಲಿನ ಮೇಲೆ ಬಂದು ಕುಕ್ಕುತ್ತದೆ. ಹಿಂಗಾಲು ಕಳೆದುಕೊಂಡ ನಾಯಿಗಳ ಪಾಡು ಇದಕ್ಕಿಂತ ವಾಸಿ, ಯಾಕೆಂದರೆ ಅಲ್ಲಿ ಕಳೆದದ್ದು ಕಡಿಮೆ ಹೊರುವ ಕಾಲು.

ಡಾಕ್ಟರ್ ಕೆಂಚಿಯನ್ನು ತೂಕಕ್ಕೆ ನಿಲ್ಲಿಸಿದರು. 22 ಕಿಲೋ! ಒಂದು ಕಾಲನ್ನೇ ತೆಗೆದಿದ್ದರೂ ತೂಕ ಏರಿತ್ತು. ಉಳಿದ ಮುಂಗಾಲು ಈಗ ಹೊರುತ್ತಿರುವುದು ಸುಮಾರು ಹತ್ತು ಕಿಲೋ, ಮೊದಲಿನ ಹತ್ತಿರ ಹತ್ತಿರ ಎರಡರಷ್ಟು. ಮಣಿಕಟ್ಟಿನ ಹಿಂಭಾಗದ ಅಸ್ಥಿಬಂಧಗಳು ಸಡಿಲವಾಗುತ್ತಿವೆ, ಇನ್ನೂ ಹರಿದಿಲ್ಲ ಎಂದರು. ಹರಿದರೆ ತಾವಾಗಿ ಕೂಡಿಕೊಳ್ಳುವುದಿಲ್ಲವಂತೆ. ಕೀಲನ್ನು ಪ್ಲೇಟು ಹಾಕಿ ಬೆಸೆಯುವ ಆಪರೇಷನ್ ಇದೆ. ಆದರೆ ಅದು ಮಾಗುವ ತನಕ ಭಾರ ಹಾಕಲು ಇವಳಿಗೆ ಇನ್ನೊಂದು ಮುಂಗಾಲು ಎಲ್ಲಿದೆ?

ತೂಕ ಏರಿದ್ದು ಹೇಗೆಂದು ಮನೆಯಲ್ಲಿ ವಿಚಾರಣೆಯಾಯಿತು. ಒಣ ಆಹಾರ ಮೊದಲಿನಷ್ಟೇ, ದಿನಕ್ಕೆ 170 ಗ್ರಾಂ. ಅದರಲ್ಲೇ 600 ಕ್ಯಾಲೊರಿ ಆಗುತ್ತಿತ್ತು. ಅದರ ಮೇಲೆ ನಮ್ಮತ್ತೆ ಕಾಫಿ ಜೊತೆ ಕೊಡುತ್ತಿದ್ದ ಗ್ಲೂಕೋಸ್ ಬಿಸ್ಕತ್ತು ದಿನಕ್ಕೆ ಎಂಟು ಹತ್ತು. ಒಂದಕ್ಕೆ ಇಪ್ಪತ್ತು ಕ್ಯಾಲೊರಿ ಹಿಡಿದರೂ ಇನ್ನೂರು. ಮಗನ ತಟ್ಟೆಯಿಂದ ತುಪ್ಪದ ಚಪಾತಿ, ಅದು ನೂರರ ಮೇಲೆ. "ಪಾಪ ಕಣಮ್ಮ, ಕಾಲಿಲ್ಲದ್ದು. ಎರಡು ಬಿಸ್ಕತ್ತು ತಿಂದ್ರೆ ಏನಾಗುತ್ತೆ?" ಅನ್ನುತ್ತಿದ್ದರು ಅತ್ತೆ. ನಾನೇನು ಕಡಿಮೆಯಲ್ಲ. ಹಾಲಿನ ಕೆನೆಯ ಬಟ್ಟಲು ನೆಕ್ಕಿಸುತ್ತಿದ್ದವಳು ನಾನೇ.

ತೂಕ ಇಳಿಸುವ ಲೆಕ್ಕವನ್ನು ಡಾಕ್ಟರ್ ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟರು. ಈಗಿನ ತೂಕಕ್ಕಲ್ಲ, ತಲುಪಬೇಕಾದ 18 ಕಿಲೋಗೆ ಬೇಕಾದಷ್ಟೇ ಊಟ: ದಿನಕ್ಕೆ ಸುಮಾರು 610 ಕ್ಯಾಲೊರಿ, ಎಲ್ಲಾ ಸೇರಿ. ಒಣ ಆಹಾರ 150 ಗ್ರಾಂ, ಅದೂ ಲೋಟದಲ್ಲಲ್ಲ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಉಳಿದ ಎಂಬತ್ತರಷ್ಟು ಕ್ಯಾಲೊರಿಯಲ್ಲಿ ಬೇಯಿಸಿದ ಹುರುಳಿಕಾಯಿ, ಕ್ಯಾರೆಟ್, ಸೌತೆಕಾಯಿ ಹೋಳು. ವಾರಕ್ಕೆ ಮೈತೂಕದ ನೂರಕ್ಕೆ ಒಂದರಿಂದ ಎರಡು ಭಾಗ ಇಳಿದರೆ ಸರಿ, ಅಂದರೆ ಇವಳಿಗೆ 220ರಿಂದ 440 ಗ್ರಾಂ. ಅದಕ್ಕಿಂತ ಬೇಗ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಕೀಲನ್ನು ಹಿಡಿದು ನಿಲ್ಲಿಸುವುದೇ ಆ ಮಾಂಸಖಂಡ.

ತಕ್ಕಡಿ ಇಲ್ಲದಿದ್ದರೂ ಕೈಯಲ್ಲಿ ನೋಡಬಹುದು. ಅಂಗೈ ಕೆಳಗೆ ಮಾಡಿ ಕೈ ಚಾಚಿ, ಬೆರಳುಗಳ ಹಿಂಭಾಗದ ಮೂಳೆಗಳನ್ನು ಇನ್ನೊಂದು ಕೈಯಲ್ಲಿ ಸವರಿ. ನಾಯಿಯ ಪಕ್ಕೆಲುಬು ಹಾಗೆ ಸಿಗಬೇಕು. ಅಂಗೈ ಕಡೆ ಸವರಿದಂತೆ ಮೆತ್ತಗೆ ಅನಿಸಿದರೆ ಕೊಬ್ಬು ಜಾಸ್ತಿ. ಮುಷ್ಟಿಯ ಗೆಣ್ಣಿನಂತೆ ಎದ್ದುಕಂಡರೆ ತೀರಾ ಸಣಕಲು. ಮೂರು ಕಾಲಿನ ನಾಯಿ ಮಿಕ್ಕ ನಾಯಿಗಳಿಗಿಂತ ಒಂದು ಸುತ್ತು ತೆಳ್ಳಗೇ ಇರಲಿ. ನೆಂಟರು "ಊಟ ಹಾಕಲ್ವಾ ಇದಕ್ಕೆ?" ಅಂತ ಕೇಳಿದರೆ ಕೇಳಲಿ.

ಮನೆಯೊಳಗೆ ದೊಡ್ಡ ಶತ್ರು ಹಾಲಿನ ವಿಟ್ರಿಫೈಡ್ ಟೈಲ್ಸ್. ಜಾರಿದ ಕಾಲನ್ನು ಎದುರು ಕಾಲು ಹಿಡಿಯಬೇಕು, ಇವಳಿಗೆ ಎದುರು ಕಾಲೇ ಇಲ್ಲ. ಮೊದಲು ಹಳೆಯ ಕಾಟನ್ ಮ್ಯಾಟ್ ಹಾಸಿ ನೋಡಿದೆ. ಮ್ಯಾಟ್ ಸಮೇತ ಜಾರಿದಳು. ಆಮೇಲೆ ಎರಡು ಯೋಗ ಮ್ಯಾಟನ್ನು ಉದ್ದಕ್ಕೆ ಸೀಳಿ, ಎರಡೂ ಕಡೆ ಅಂಟುವ ಟೇಪು ಹಾಕಿ, ಹಾಸಿಗೆಯಿಂದ ನೀರಿನ ತನಕ, ನೀರಿನಿಂದ ಬಾಗಿಲ ತನಕ ದಾರಿ ಮಾಡಿದೆ. ಮನೆಯೆಲ್ಲ ಮುಚ್ಚಬೇಕಿಲ್ಲ, ಅವಳು ಓಡಾಡುವ ಜಾಡು ಸಾಕು. ಪಾದದ ಬೆರಳ ಸಂದಿಯ ಕೂದಲು, ಉಗುರು ಎರಡನ್ನೂ ಹದಿನೈದು ದಿನಕ್ಕೊಮ್ಮೆ ಕತ್ತರಿಸುತ್ತೇನೆ. ಕೂದಲು ಬೆಳೆದರೆ ಪಾದಕ್ಕೆ ನೆಲ ಸಿಗುವುದಿಲ್ಲ.

ಊಟದ ಬಟ್ಟಲನ್ನು ಎದೆಮಟ್ಟದ ಸ್ಟೂಲಿನ ಮೇಲಿಟ್ಟೆ. ನೆಲಕ್ಕೆ ಬಗ್ಗಿದರೆ ಮುಂಭಾಗದ ಭಾರವೆಲ್ಲ ಒಂಟಿ ಮುಂಗಾಲಿನ ಮೇಲೆ. ಮಹಡಿ ಮೆಟ್ಟಿಲ ಮೇಲ್ತುದಿಗೆ ಮಗುವಿಗೆ ಹಾಕುವ ಗೇಟು ಬಂತು. ಹತ್ತುವಾಗ ಹಿಂಗಾಲು ತಳ್ಳುತ್ತದೆ, ಕಷ್ಟವಿಲ್ಲ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮಣಿಕಟ್ಟೇ ಬ್ರೇಕು. ಕಾರಿನಿಂದ, ಸೋಫಾದಿಂದ ಜಿಗಿಯುವುದಕ್ಕೂ ಇದೇ ಲೆಕ್ಕ. ಕಾರಿನಿಂದ ಎತ್ತಿ ಇಳಿಸುತ್ತೇವೆ. ಸೋಫಾ ವಿಷಯದಲ್ಲಿ ಮಾತ್ರ ಅವಳು ಮಾತು ಕೇಳಲಿಲ್ಲ. ಕೊನೆಗೆ ದಪ್ಪ ಫೋಮಿನ ಒಂದು ತುಂಡನ್ನು ಕೆಳಗಿಟ್ಟು ಸುಮ್ಮನಾದೆವು. ಕತ್ತಿನ ಪಟ್ಟಿ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ತಂದೆ. ಅದರ ಬೆನ್ನ ಹಿಡಿಯಿಂದ ಎತ್ತಿಹಿಡಿಯಲೂ ಆಗುತ್ತದೆ.

ಮೊದಲು ಸಂಜೆ ಮುಕ್ಕಾಲು ಗಂಟೆ ಒಂದೇ ವಾಕಿಂಗ್. ಈಗ ಹತ್ತು ನಿಮಿಷದಂತೆ ನಾಲ್ಕು ಸಲ. ಹೆಚ್ಚಾಯಿತೇ ಎಂದು ತಿಳಿಯುವುದು ಮರುದಿನ ಬೆಳಿಗ್ಗೆ. ಎದ್ದ ತಕ್ಷಣ ಬಿಗಿತವಿದ್ದರೆ ಹಿಂದಿನ ದಿನದ ನಡಿಗೆ ಜಾಸ್ತಿಯಾಯಿತು ಎಂದೇ ಅರ್ಥ. ಚೆಂಡೆಸೆದು ಓಡಿಸುವುದು ನಿಂತೇಹೋಯಿತು. ಓಟಕ್ಕಿಂತ ಗಕ್ಕನೆ ನಿಲ್ಲುವುದೇ ಅಪಾಯ. ಬದಲಿಗೆ ಮ್ಯಾಟ್ ಮೇಲೆ ಕೂತು ಏಳಿಸುವ ಕಸರತ್ತು, ದಿನಕ್ಕೆರಡು ಸಲ ಐದೈದು. ಅದರಿಂದ ಹಿಂಗಾಲು ಗಟ್ಟಿಯಾಗಿ ಭಾರ ಹಿಂದಕ್ಕೆ ಸರಿಯುತ್ತದೆ.

ನೋವಿಗೆಂದು ಮೊದಲ ಮೂರು ವಾರ ಡಾಕ್ಟರ್ ಮಾತ್ರೆ ಬರೆದಿದ್ದರು, ಲಿವರ್, ಕಿಡ್ನಿಯ ರಕ್ತ ಪರೀಕ್ಷೆ ನೋಡಿಕೊಂಡು. ಮನೆಯಲ್ಲಿರುವ ಐಬುಪ್ರೊಫೆನ್ ಅರ್ಧ ಮುರಿದು ಕೊಡುವ ಯೋಚನೆ ಯಾರಿಗೂ ಬೇಡ. ನಾಯಿಗೆ ಅದರಿಂದ ಹೊಟ್ಟೆ ಹುಣ್ಣಾಗಿ ಕಿಡ್ನಿಯೂ ಕೆಡಬಹುದು.

ಪ್ರತಿ ತಿಂಗಳ ಒಂದನೇ ತಾರೀಕು ಕೆಂಚಿಯನ್ನು ಅದೇ ಟೈಲ್ಸಿನ ಗೆರೆಯ ಮೇಲೆ ನಿಲ್ಲಿಸಿ ಪಕ್ಕದಿಂದ ಫೋಟೋ ತೆಗೆಯುತ್ತೇನೆ. ಮಣಿಕಟ್ಟು ನೆಲದ ಕಡೆಗೆ ಕುಸಿಯುತ್ತಿದೆಯೇ, ಬೆರಳು ಅಗಲವಾಗುತ್ತಿದೆಯೇ ಎಂದು ದಿನಾ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ, ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. 18 ಕಿಲೋ 300 ಗ್ರಾಂಗೆ ಬರಲು ಐದು ತಿಂಗಳು ಹಿಡಿಯಿತು. ನಡುವೆ ದೀಪಾವಳಿ ಬಂದಿತ್ತು. ಮಣಿಕಟ್ಟಿನ ಕೂದಲು ಒಣಗಿ ಮತ್ತೆ ಕೆಂಪಗೆ ಬೆಳೆದಿದೆ. ಅತ್ತೆ ಈಗ ಕಾಫಿ ಹೊತ್ತಿಗೆ ಹುರುಳಿಕಾಯಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲೇ ಇಟ್ಟುಕೊಂಡು ಕೂರುತ್ತಾರೆ. ಮುಚ್ಚಳದ ಸದ್ದಾದರೆ ಸಾಕು, ಒಳಗೇನಿದೆ ಎಂದು ನೋಡದೆ ಕೆಂಚಿ ಯೋಗ ಮ್ಯಾಟಿನ ದಾರಿ ಹಿಡಿಯುತ್ತಾಳೆ.